ಪಾಳಿ ಬದಲಿನ ಲೆಕ್ಕ

ದಿನದ 24 ಗಂಟೆಯೂ ಯಂತ್ರ ಓಡುವ ಕಾರ್ಖಾನೆಯಲ್ಲಿ ರಜೆ ಕೇಳುವುದು ಕಚೇರಿಯಲ್ಲಿ ರಜೆ ಕೇಳಿದ ಹಾಗಲ್ಲ. ಕಚೇರಿಗೆ ಒಬ್ಬರು ಬಾರದಿದ್ದರೆ ಅವರ ಮೇಜಿನ ಮೇಲಿನ ಕಡತ ಮರುದಿನದವರೆಗೆ ಅಲ್ಲೇ ಬಿದ್ದಿರುತ್ತದೆ. ಪಾಳಿಗೆ ಒಬ್ಬರು ಬಾರದಿದ್ದರೆ ಹಿಂದಿನ ಪಾಳಿಯವರು ಯಂತ್ರ ಬಿಟ್ಟು ಹೊರಡುವಂತಿಲ್ಲ. ‘ರಿಲೀವರ್ ಬಂದಿಲ್ಲ’ ಎಂಬ ಮಾತು ಕೇಳಿದ ಕಾರ್ಮಿಕರು ಕೈ ತೊಳೆದುಕೊಂಡವರು ಮತ್ತೆ ಕೈಗವಸು ಹಾಕಿಕೊಳ್ಳಬೇಕಾಗುತ್ತದೆ, ಕಂಪನಿ ಬಸ್ಸು ಅವರನ್ನು ಬಿಟ್ಟೇ ಹೊರಡುತ್ತದೆ. ಹೀಗಾಗಿ ಪಾಳಿಯಲ್ಲಿ ದುಡಿಯುವವರು ರಜೆಯ ಜೊತೆಗೆ ಇನ್ನೊಂದು ದಾರಿಯನ್ನೂ ರೂಢಿಸಿಕೊಂಡಿದ್ದಾರೆ: ಸಹೋದ್ಯೋಗಿಯೊಡನೆ ಪಾಳಿ ಅದಲುಬದಲು ಮಾಡಿಕೊಳ್ಳುವುದು.

ಇವೆರಡರ ಸ್ವಭಾವ ಬೇರೆ. ರಜೆ ಎಂದರೆ ಆ ದಿನದ ಲೆಕ್ಕದಿಂದ ಒಬ್ಬರನ್ನು ಕಳೆಯುವುದು. ಅದಕ್ಕೆ ರಜೆಯ ಖಾತೆಯಿಂದ ಒಂದು ದಿನ ಹೋಗುತ್ತದೆ, ಬದಲಿ ಜನವನ್ನು ಹುಡುಕುವ ಹೊಣೆ ಮೇಲ್ವಿಚಾರಕರದು. ಪಾಳಿ ಬದಲಿನಲ್ಲಿ ಯಾರೂ ಕಡಿಮೆಯಾಗುವುದಿಲ್ಲ, ಇಬ್ಬರು ಜಾಗ ಬದಲಿಸುತ್ತಾರೆ ಅಷ್ಟೆ. ರಜೆ ಖರ್ಚಾಗುವುದಿಲ್ಲ, ಬದಲಿ ಜನವನ್ನು ಕೇಳುವವರೇ ಹುಡುಕಿಕೊಂಡು ಬಂದಿರುತ್ತಾರೆ. ಮೇಲ್ವಿಚಾರಕರಿಗೆ ಇದು ಸುಲಭ ಎನ್ನಿಸುವುದು ಅದಕ್ಕೇ. ಆದರೆ ಕಳೆಯುವ ಲೆಕ್ಕಕ್ಕಿಂತ ಜಾಗ ಬದಲಿಸುವ ಲೆಕ್ಕದಲ್ಲಿ ತಪ್ಪು ನುಸುಳುವುದು ಹೆಚ್ಚು. ಒಂದು ಕಾಲ್ಪನಿಕ ಪ್ರಸಂಗವನ್ನು ಇಟ್ಟುಕೊಂಡು ನೋಡಿದರೆ ಇದು ಬಿಡಿಬಿಡಿಯಾಗಿ ತಿಳಿಯುತ್ತದೆ.

ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗಗಳನ್ನು ಕಡೆಯುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಅಲ್ಲಿ ಮೂರು ಪಾಳಿ: ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಫಸ್ಟ್ ಶಿಫ್ಟ್, 2ರಿಂದ ರಾತ್ರಿ 10ರವರೆಗೆ ಸೆಕೆಂಡ್, 10ರಿಂದ ಬೆಳಿಗ್ಗೆ 6ರವರೆಗೆ ನೈಟ್. ಪ್ರತಿ ಪಾಳಿಯ ಒಳಗೇ ಊಟಕ್ಕೆ ಅರ್ಧ ಗಂಟೆ. ಭಾನುವಾರ ವಾರದ ರಜೆ. ಸೋಮವಾರ ಬಂತೆಂದರೆ ಪಾಳಿ ಮುಂದಕ್ಕೆ ತಿರುಗುತ್ತದೆ; ಫಸ್ಟ್‌ನವರು ಸೆಕೆಂಡಿಗೆ, ಸೆಕೆಂಡಿನವರು ನೈಟ್‌ಗೆ, ನೈಟ್‌ನವರು ಫಸ್ಟ್‌ಗೆ. ಒಂದೇ ಬಗೆಯ ಲೇತ್ ನಡೆಸುವ ಮೂವರನ್ನು ಮಂಜು, ಬಸವರಾಜು, ಇಮ್ರಾನ್ ಎಂದು ಕರೆಯೋಣ. ನವೆಂಬರ್ 23ರ ಸೋಮವಾರದಿಂದ ಆರಂಭವಾಗುವ ವಾರ ಬಸವರಾಜು ಫಸ್ಟ್, ಮಂಜು ಸೆಕೆಂಡ್, ಇಮ್ರಾನ್ ನೈಟ್. 27ರ ಶುಕ್ರವಾರ ಬೆಳಿಗ್ಗೆ ತಿಪಟೂರಿನ ಹತ್ತಿರದ ಊರಲ್ಲಿ ಮಂಜುವಿನ ತಂಗಿಯ ನಿಶ್ಚಿತಾರ್ಥ. ಅಣ್ಣನಾದವನು ಗುರುವಾರ ರಾತ್ರಿಯೇ ಮನೆಯಲ್ಲಿರಬೇಕು. ಆದರೆ ಗುರುವಾರ ರಾತ್ರಿ 10ರವರೆಗೆ ಅವನಿಗೆ ಸೆಕೆಂಡ್ ಶಿಫ್ಟ್.

ನೇರವಾದ ದಾರಿ ಗುರುವಾರ, ಶುಕ್ರವಾರ ಎರಡು ದಿನದ ಗಳಿಕೆ ರಜೆ. ಕಾರ್ಮಿಕರ ಬಾಯಲ್ಲಿ ಇದು ಇ.ಎಲ್. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಮರುವರ್ಷ, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗಳ ಸಂಹಿತೆ ಈ 240ನ್ನು 180ಕ್ಕೆ ಇಳಿಸಿತು. 20ಕ್ಕೆ ಒಂದು ಎಂಬ ದರ ಹಾಗೆಯೇ ಉಳಿಯಿತು. ಹಳೆಯ ಕಾಯ್ದೆಯಲ್ಲಿ ರಜೆ ಶುರುವಾಗುವ 15 ದಿನ ಮೊದಲೇ ಬರಹದಲ್ಲಿ ಅರ್ಜಿ ಕೊಡಬೇಕೆಂಬ ನಿಯಮವಿತ್ತು. ಕಾಯಿಲೆ ಬಿದ್ದವರಿಗೆ ಮಾತ್ರ ಈ ಗಡುವಿನಿಂದ ವಿನಾಯಿತಿ. ಆ ಲೆಕ್ಕದಲ್ಲಿ ಶುಕ್ರವಾರದ ರಜೆಗೆ ನವೆಂಬರ್ 12ರ ಹೊತ್ತಿಗೆ ಅರ್ಜಿ ಟೈಮ್ ಆಫೀಸ್ ಸೇರಬೇಕು. ಅವರವರ ಕಾರ್ಖಾನೆಯ ಗಡುವು ಎಷ್ಟೆಂಬುದು ಅಲ್ಲಿನ ಸ್ಥಾಯಿ ಆದೇಶದಲ್ಲಿ, ಅಂದರೆ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ, ಸಿಗುತ್ತದೆ.

ಈ ದಾರಿಯ ತೊಡಕು ಮೇಲ್ವಿಚಾರಕರ ಕಡೆಯದು. ಸೆಕೆಂಡ್ ಶಿಫ್ಟ್‌ನಲ್ಲಿ ಎರಡು ದಿನ ಒಂದು ಯಂತ್ರ ಖಾಲಿ. ಜನರಲ್ ಶಿಫ್ಟ್‌ನವರು ಸಂಜೆ ಮನೆಗೆ ಹೋಗಿರುತ್ತಾರೆ, ಕೈಬಿಡುವಿರುವ ಹೆಚ್ಚುವರಿ ಜನ ಆ ಹೊತ್ತಿನಲ್ಲಿ ಸಿಗುವುದು ಕಷ್ಟ. ಮಂಜುವಿನ ಖಾತೆಯಲ್ಲಿ ರಜೆ ಇದ್ದರೂ ‘ಒಂದು ದಿನ ತಗೊಳಪ್ಪ, ಎರಡು ಆಗಲ್ಲ’ ಎಂಬ ಉತ್ತರ ಬರುವುದು ಈ ಕಾರಣಕ್ಕೆ. ಅಲ್ಲಿಂದಲೇ ಪಾಳಿ ಬದಲಿನ ಯೋಚನೆ ಶುರುವಾಗುತ್ತದೆ: ಶುಕ್ರವಾರಕ್ಕೆ ರಜೆ, ಗುರುವಾರಕ್ಕೆ ಬದಲು.

ಯಾರ ಜೊತೆ ಬದಲು? ಹುಡುಗರಿಗೆ ಮೊದಲು ಹೊಳೆಯುವುದು ನೈಟ್‌ನಲ್ಲಿರುವ ಗೆಳೆಯ. ಬುಧವಾರದ ಇಮ್ರಾನನ ನೈಟ್ ಮಂಜು ಮಾಡುವುದು, ಗುರುವಾರದ ಮಂಜುವಿನ ಸೆಕೆಂಡ್ ಇಮ್ರಾನ್ ಮಾಡುವುದು. ಮಾತಿಗೆ ಇದು ಸಲೀಸು. ಗಡಿಯಾರ ಹಿಡಿದು ನೋಡಿದರೆ ಮಂಜು ಬುಧವಾರ ಮಧ್ಯಾಹ್ನ 2ಕ್ಕೆ ತನ್ನ ಸೆಕೆಂಡ್ ಶಿಫ್ಟಿಗೆ ನಿಂತವನು ರಾತ್ರಿ 10ಕ್ಕೆ ಮನೆಗೆ ಹೋಗದೆ ಗುರುವಾರ ಬೆಳಿಗ್ಗೆ 6ರವರೆಗೆ ಅಲ್ಲೇ ಇರಬೇಕು. ಇಮ್ರಾನನೂ ಪಾರಾಗುವುದಿಲ್ಲ. ಗುರುವಾರ 2ರಿಂದ 10ರವರೆಗೆ ಮಂಜುವಿನ ಪಾಳಿ ಮುಗಿಸುವ ಹೊತ್ತಿಗೆ ಅವನದೇ ಗುರುವಾರದ ನೈಟ್ ಎದುರಿಗೆ ನಿಂತಿರುತ್ತದೆ. ಇಬ್ಬರಿಗೂ ಒಂದೊಂದು ಡಬಲ್. ಊಟದ ಅರ್ಧ ಗಂಟೆಗಳನ್ನು ಕಳೆದರೂ ತಲಾ 15 ಗಂಟೆ ದುಡಿಮೆ.

ಮಧ್ಯರಾತ್ರಿ ದಾಟಿದ ಮೇಲೆ ತಾರೀಖು ಬದಲಾಗುತ್ತದಲ್ಲ, ಎರಡು ದಿನಕ್ಕೆ ಹಂಚಿದರೆ ಲೆಕ್ಕ ಸರಿಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಕಾನೂನು ಈ ಜಾಣತನಕ್ಕೆ ಜಾಗ ಬಿಟ್ಟಿಲ್ಲ. 1948ರ ಕಾಯ್ದೆಯ 57ನೇ ಕಲಮಿನಂತೆ, ಮಧ್ಯರಾತ್ರಿ ದಾಟುವ ಪಾಳಿಯಲ್ಲಿ 12ರ ನಂತರ ದುಡಿದ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತವೆ. ಬುಧವಾರದ ಖಾತೆಯಲ್ಲೇ 15 ಗಂಟೆ ಬೀಳುತ್ತದೆ. ಆ ಕಾಯ್ದೆಯ ದಿನದ ಮಿತಿ 9 ಗಂಟೆ, ಹೊಸ ಸಂಹಿತೆಯದು 8. ಯಾವುದರಿಂದ ಅಳೆದರೂ ಇದು ಹೊರಗೆ. ಮಿತಿ ಮೀರಿದ ಗಂಟೆಗಳಿಗೆ ಎರಡರಷ್ಟು ಕೂಲಿ ಕೊಡಬೇಕಾದ ಪ್ರಶ್ನೆಯೂ ಏಳುತ್ತದೆ. ಇಬ್ಬರು ಗೆಳೆಯರು ಚಹಾ ಕುಡಿಯುತ್ತಾ ಮಾಡಿಕೊಂಡ ಒಪ್ಪಂದಕ್ಕೆ ಕಂಪನಿ ಓಟಿ ದುಡ್ಡು ಕೊಡಲು ಒಪ್ಪುವುದಿಲ್ಲ. ಕೊಡದಿದ್ದರೆ ನಿಯಮ ಮುರಿದ ಹಾಗೆ. ಆದ್ದರಿಂದ ತಿಳಿದ ಮೇಲ್ವಿಚಾರಕರು ಡಬಲ್ ಬರುವ ಬದಲನ್ನು ಕೇಳಿದ ಕೂಡಲೇ ತಳ್ಳಿಹಾಕುತ್ತಾರೆ.

ಉಳಿದವನು ಬಸವರಾಜು. ಗುರುವಾರ ಒಂದೇ ದಿನ ಬಸವರಾಜುವಿನ ಫಸ್ಟ್ ಮಂಜುವಿಗೆ, ಮಂಜುವಿನ ಸೆಕೆಂಡ್ ಬಸವರಾಜುವಿಗೆ. ಇಲ್ಲಿ ಡಬಲ್ ಇಲ್ಲ, ದಿನಕ್ಕೆ ಒಬ್ಬರಿಗೆ ಒಂದೇ ಪಾಳಿ. ಹಾಗಾದರೆ ಸರಿಯಾಯಿತೇ? ಪಾಳಿಯನ್ನಷ್ಟೇ ನೋಡಿದರೆ ಹೌದು. ಪಾಳಿಗಳ ನಡುವಿನ ಬಿಡುವನ್ನು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಮಂಜು ಬುಧವಾರ ರಾತ್ರಿ 10ಕ್ಕೆ ಬಿಟ್ಟು ಗುರುವಾರ ಬೆಳಿಗ್ಗೆ 6ಕ್ಕೆ ಮತ್ತೆ ಯಂತ್ರದ ಮುಂದೆ ಇರಬೇಕು. ಬಿಡುವು 8 ಗಂಟೆ. ಮನೆ ಮುಟ್ಟಿ ಉಂಡು ಮಲಗುವಾಗ 12 ಆಗುತ್ತದೆ, 5 ಗಂಟೆಯ ಬಸ್ಸಿಗೆ ನಾಲ್ಕೂವರೆಗೆ ಏಳಬೇಕು. ನಿದ್ದೆ ನಾಲ್ಕೂವರೆ ಗಂಟೆ. ಅದಾದ ಮೇಲೆ ತಿಪಟೂರಿನ ಬಸ್ಸು. ಬಸವರಾಜುವಿನದು ಇದರ ಪಡಿಯಚ್ಚು, ಒಂದು ದಿನ ತಡವಾಗಿ: ಗುರುವಾರ ರಾತ್ರಿ 10ಕ್ಕೆ ಬಿಟ್ಟವನಿಗೆ ಶುಕ್ರವಾರ 6ಕ್ಕೆ ತನ್ನದೇ ಫಸ್ಟ್ ಶಿಫ್ಟ್. ಉಪಕಾರ ಮಾಡಿದವನು ತನ್ನ ನಿದ್ದೆಯನ್ನೂ ತೆತ್ತ ಹಾಗಾಗುತ್ತದೆ, ಅದೂ ಕೇಳುವಾಗ ಇಬ್ಬರಿಗೂ ತೋಚದ ದಿನದಲ್ಲಿ.

ಬದಲು ಮಾಡಿಕೊಂಡ ದಿನವನ್ನು ಎಲ್ಲರೂ ನೋಡುತ್ತಾರೆ; ಅದರ ಹಿಂದಿನ ರಾತ್ರಿ, ಮುಂದಿನ ಬೆಳಗು ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಳಿ ಬದಲಿನ ಹೆಚ್ಚಿನ ತಾಪತ್ರಯ ಹುಟ್ಟುವುದು ಅಲ್ಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1990ರಲ್ಲಿ ರಾತ್ರಿ ಕೆಲಸದ ಬಗ್ಗೆ ಮಾಡಿದ ಶಿಫಾರಸಿನಲ್ಲಿ ಎರಡು ಪಾಳಿಗಳ ನಡುವೆ ಸಾಧ್ಯವಾದಷ್ಟು ಮಟ್ಟಿಗೆ ಕನಿಷ್ಠ 11 ಗಂಟೆ ಬಿಡುವಿರಬೇಕು ಎಂದಿದೆ. ಯುರೋಪಿನ ಒಕ್ಕೂಟದ ಕೆಲಸದ ವೇಳೆಯ ನಿರ್ದೇಶನವೂ ದಿನಕ್ಕೆ ಎಡೆಬಿಡದ 11 ಗಂಟೆ ವಿಶ್ರಾಂತಿಯನ್ನು ಹೇಳುತ್ತದೆ. ನಮ್ಮ 1948ರ ಕಾಯ್ದೆ ದಿನದ ಗಂಟೆ, ವಾರದ ಗಂಟೆಗಳನ್ನು ಕಟ್ಟಿತ್ತೇ ಹೊರತು ಪಾಳಿಯಿಂದ ಪಾಳಿಗೆ ಇಷ್ಟು ಬಿಡುವು ಎಂದು ಅಂಕಿ ಹಾಕಿರಲಿಲ್ಲ. ಹೀಗಾಗಿ 8 ಗಂಟೆಯ ಬಿಡುವು ಕಾಗದದ ಮೇಲೆ ತಪ್ಪಲ್ಲ, ತಿರುಗುವ ಚಕ್ಕಿನ ಮುಂದೆ ತೂಕಡಿಸುವವನಿಗೆ ಅಪಾಯ.

ಮೂರನೆಯ ದಾರಿ ಮೇಲುನೋಟಕ್ಕೆ ಅತಿ ಎನ್ನಿಸುತ್ತದೆ: ಒಂದು ದಿನದ ಬದಲಿಗೆ ಇಡೀ ವಾರವನ್ನೇ ಬದಲಿಸಿಕೊಳ್ಳುವುದು. ಸೋಮವಾರದಿಂದ ಶನಿವಾರದವರೆಗೆ ಮಂಜು ಫಸ್ಟ್, ಬಸವರಾಜು ಸೆಕೆಂಡ್. ವಾರದ ಆರಂಭದಲ್ಲಿ ಭಾನುವಾರದ ರಜೆ ಇರುವುದರಿಂದ ಇಬ್ಬರಿಗೂ ಎಲ್ಲೂ 8 ಗಂಟೆಯ ಬಿಡುವು ಬರುವುದಿಲ್ಲ. ಗುರುವಾರ 2ಕ್ಕೆ ಮಂಜು ಬಿಡುಗಡೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಲ್ಲಿರಬಹುದು. ಶುಕ್ರವಾರ ರಜೆ. ಮುಂದಿನ ವಾರ ಇಬ್ಬರೂ ತಂತಮ್ಮ ಸರದಿಗೆ ಮರಳುತ್ತಾರೆ. ಮಂಜುವಿಗೆ ಸೋಮವಾರ ರಾತ್ರಿ 10ಕ್ಕೆ ನೈಟ್, ಬಸವರಾಜುವಿಗೆ ಸೋಮವಾರ ಮಧ್ಯಾಹ್ನ 2ಕ್ಕೆ ಸೆಕೆಂಡ್. ಶನಿವಾರ ರಾತ್ರಿ 10ರಿಂದ ಸೋಮವಾರ 2ರವರೆಗೆ ಬಸವರಾಜುವಿಗೆ 40 ಗಂಟೆ ಬಿಡುವು ಸಿಗುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲ ಅಡಗಿದೆ. ಶುಕ್ರವಾರ ಮಂಜು ಬಿಟ್ಟ ಖಾಲಿ ಜಾಗ ಈಗ ಸೆಕೆಂಡಿನಲ್ಲಿಲ್ಲ, ಫಸ್ಟ್‌ನಲ್ಲಿದೆ. ಹಗಲು ಹೊತ್ತಿನಲ್ಲಿ ಜನರಲ್ ಶಿಫ್ಟ್‌ನವರು, ತರಬೇತುದಾರರು, ಸೆಟ್ಟರುಗಳು ಎಲ್ಲ ಇರುವುದರಿಂದ ಒಂದು ಯಂತ್ರಕ್ಕೆ ಜನ ಹೊಂದಿಸುವುದು ಮೇಲ್ವಿಚಾರಕರಿಗೆ ಹಗುರ. ಎರಡು ದಿನದ ರಜೆಗೆ ತಲೆ ಅಲ್ಲಾಡಿಸಿದವರು ಇದಕ್ಕೆ ಒಪ್ಪುವ ಸಂಭವ ಹೆಚ್ಚು.

ನಷ್ಟವಿಲ್ಲದ ಬದಲು ಮಾತ್ರ ಇಲ್ಲ. ಮಂಜು ಶನಿವಾರ ಬೆಳಿಗ್ಗೆ 6ಕ್ಕೆ ಹಾಜರಿರಬೇಕು. ಸೆಕೆಂಡ್ ಶಿಫ್ಟ್ ಆಗಿದ್ದರೆ ಮಧ್ಯಾಹ್ನದವರೆಗೆ ಸಮಯ ಇರುತ್ತಿತ್ತು. ನಿಶ್ಚಿತಾರ್ಥದ ಸಂಜೆಯೇ ಅವನು ಊರು ಬಿಡಬೇಕು, ಇಲ್ಲವೇ ಶನಿವಾರಕ್ಕೂ ರಜೆ ಹಾಕಬೇಕು. ಶನಿವಾರ ರಜೆ ಹಾಕಿದರೂ ಭಾನುವಾರ ಲೆಕ್ಕಕ್ಕೆ ಬರುವುದಿಲ್ಲ. ಗಳಿಕೆ ರಜೆಯ ನಡುವೆ ಅಥವಾ ತುದಿಯಲ್ಲಿ ಬೀಳುವ ರಜಾದಿನಗಳನ್ನು ಅದರೊಳಗೆ ಎಣಿಸಬಾರದೆಂದು 1948ರ ಕಾಯ್ದೆಯೇ ಹೇಳಿತ್ತು. ಬಸವರಾಜುವಿಗಾದರೋ ಎರಡು ವಾರ ಒಟ್ಟಿಗೆ ಸೆಕೆಂಡ್ ಶಿಫ್ಟ್. ಶಾಲೆಯಿಂದ ಬಂದ ಮಕ್ಕಳ ಮುಖ ಎರಡು ವಾರ ಭಾನುವಾರ ಬಿಟ್ಟರೆ ಕಾಣಸಿಗುವುದಿಲ್ಲ. ಕೇಳುವಾಗ ಈ ಮಾತನ್ನು ಮುಚ್ಚಿಡದೆ ಹೇಳುವುದೇ ಲೇಸು. ‘ಬಸಣ್ಣ, ಇಪ್ಪತ್ಮೂರನೇ ತಾರೀಖಿನ ವಾರ ನಿಮ್ಮ ಫಸ್ಟ್ ನನಗೆ ಕೊಡ್ತೀರಾ? ತಂಗಿ ನಿಶ್ಚಿತಾರ್ಥ ಇದೆ. ನನ್ನ ಸೆಕೆಂಡ್ ಮಾಡಿದ್ರೆ ಅದರ ಮುಂದಿನ ವಾರಾನೂ ನಿಮಗೆ ಸೆಕೆಂಡೇ ಬರುತ್ತೆ, ನೋಡಿ ಹೇಳಿ’ ಎಂದು ಕೇಳಿದರೆ ಸಾಕು. ‘ಒಂದು ದಿನ ಅಡ್ಜಸ್ಟ್ ಮಾಡ್ಕೊಳಿ ಅಣ್ಣ’ ಎಂದು ಆರಂಭಿಸಿ ಆಮೇಲೆ ವಾರಕ್ಕೆ ಎಳೆಯುವವರಿಗೆ ಎರಡನೇ ಸಲ ಯಾರೂ ಪಾಳಿ ಕೊಡುವುದಿಲ್ಲ. ಬಸವರಾಜು ಒಪ್ಪಿದ ಮೇಲೆಯೇ ಮೇಲ್ವಿಚಾರಕರ ಹತ್ತಿರ ಹೋಗಬೇಕು. ‘ಅವನು ಒಪ್ಕೋತಾನೆ ಸರ್’ ಎಂಬ ಊಹೆಯನ್ನು ಹೊತ್ತು ಹೋದರೆ, ಒಪ್ಪದ ಬಸವರಾಜು ಸುಮ್ಮನೆ ಎಲ್ಲರ ಎದುರು ಕೆಟ್ಟವನಾಗುತ್ತಾನೆ.

ಎಲ್ಲರ ಜೊತೆಗೂ ಪಾಳಿ ಬದಲಿಸಿಕೊಳ್ಳಲು ಬರುವುದಿಲ್ಲ. ಬಾಯ್ಲರ್ ನೋಡಿಕೊಳ್ಳುವವರಿಗೆ ಅದರದೇ ಪ್ರಮಾಣಪತ್ರ ಬೇಕು. ಅದಿಲ್ಲದವರು ಎಷ್ಟೇ ಆಪ್ತರಾದರೂ ಅವರ ಜಾಗದಲ್ಲಿ ನಿಲ್ಲುವ ಹಾಗಿಲ್ಲ. ಲೇತ್‌ನಂಥ ಯಂತ್ರಕ್ಕೆ ಯಾರು ಯಾವುದನ್ನು ಒಬ್ಬರೇ ನಡೆಸಬಲ್ಲರು ಎಂಬ ಪಟ್ಟಿಯನ್ನು ಹಲವು ಕಡೆ ವಿಭಾಗದ ಬೋರ್ಡಿನಲ್ಲೇ ತೂಗುಹಾಕಿರುತ್ತಾರೆ, ಮೇಲ್ವಿಚಾರಕರು ಮೊದಲು ನೋಡುವುದು ಅದನ್ನೇ. ಗುತ್ತಿಗೆದಾರರ ಕಡೆಯ ಕಾರ್ಮಿಕರೂ ಕಾಯಂ ಕಾರ್ಮಿಕರೂ ಪರಸ್ಪರ ಬದಲಿಸಿಕೊಳ್ಳುವುದು ಕಷ್ಟ, ಏಕೆಂದರೆ ಅವರ ಹಾಜರಿ, ಸಂಬಳ ಬೇರೆ ಬೇರೆ ಪುಸ್ತಕದಲ್ಲಿವೆ. ಹೆಣ್ಣುಮಕ್ಕಳು ಸಂಜೆ 7ರ ನಂತರದ ಪಾಳಿಗೆ ಬರಬೇಕಾದರೆ ಹೊಸ ಸಂಹಿತೆಯಂತೆ ಅವರ ಒಪ್ಪಿಗೆ ಬೇಕು. ಸಹೋದ್ಯೋಗಿಗೆ ಬಾಯಿಮಾತಲ್ಲಿ ‘ಆಯ್ತು’ ಎಂದರೆ ಸಾಲದು. ವಾಹನದ ಪಟ್ಟಿಯಲ್ಲಿ ಅವರ ಹೆಸರು ಸೇರದಿದ್ದರೆ ರಾತ್ರಿ 10ಕ್ಕೆ ಗೇಟಿನ ಹೊರಗೆ ನಿಂತಾಗ ಮನೆಗೆ ಬಿಡುವ ಗಾಡಿ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬರವಣಿಗೆಯಲ್ಲಿ, ಅಂದರೆ ಬರೆಯದೇ ಇರುವುದರಲ್ಲಿ. 1948ರ ಕಾಯ್ದೆಯ 63ನೇ ಕಲಮು, ನೋಟಿಸಿನಲ್ಲಿ ಪ್ರಕಟಿಸಿದ ವೇಳೆಗೂ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಮೊದಲೇ ಬರೆದ ನಮೂದಿಗೂ ಹೊಂದದ ಹೊತ್ತಿನಲ್ಲಿ ಯಾರನ್ನೂ ದುಡಿಸಕೂಡದು ಎಂದಿತ್ತು. ‘ದುಡಿಯಲು ಬಿಡಕೂಡದು’ ಎಂದೂ ಅದರಲ್ಲಿತ್ತು. ಕಾರ್ಮಿಕರೇ ಇಷ್ಟಪಟ್ಟು ಬಂದರು ಎಂಬ ಸಮಜಾಯಿಷಿಗೆ ಆ ಒಂದು ಮಾತು ಬಾಗಿಲು ಹಾಕುತ್ತದೆ. ಹೊಸ ಸಂಹಿತೆಯೂ ಕೆಲಸದ ವೇಳೆಯ ನೋಟಿಸನ್ನು ಪ್ರದರ್ಶಿಸಬೇಕೆನ್ನುತ್ತದೆ. ‘ಮೊದಲೇ’ ಎಂಬುದು ಇಲ್ಲಿ ಮುಖ್ಯ. ಬದಲು ನಡೆದ ಮೇಲೆ ಮಸ್ಟರ್ ತಿದ್ದಿದರೆ ಅದು ತಿದ್ದುಪಡಿಯಂತೆ ಕಾಣುವುದಿಲ್ಲ, ಮುಚ್ಚಿಹಾಕಿದಂತೆ ಕಾಣುತ್ತದೆ.

ಬರೆಯದಿದ್ದರೆ ಆಗುವುದೇನು? ಸೋಮವಾರ ಬೆಳಿಗ್ಗೆ 6ಕ್ಕೆ ಮಂಜು ಬೆರಳೊತ್ತುತ್ತಾನೆ, ಯಂತ್ರದ ತಲೆಯಲ್ಲಿ ಅವನ ಪಾಳಿ ಮಧ್ಯಾಹ್ನ 2ಕ್ಕಿದೆ. 2ಕ್ಕೆ ಅವನು ಹೊರಗೆ ಹೋದದ್ದನ್ನೇ ಅದು ಒಳಬಂದದ್ದೆಂದು ಓದಬಹುದು, ಹೊರಗೆ ಹೋದ ಗುರುತಿಲ್ಲವೆಂದು ಗೈರುಹಾಜರಿ ಹಾಕಬಹುದು. ಇದು ಗೊತ್ತಾಗುವುದು ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ‘ಲಾಸ್ ಆಫ್ ಪೇ’ ಕಂಡಾಗ. ಪೆಟ್ಟು ಬಿದ್ದರೆ ವಿಷಯ ಇನ್ನೂ ಗಂಭೀರ. ಇ.ಎಸ್.ಐ. ಪರಿಹಾರಕ್ಕೆ ಕೆಲಸದ ವೇಳೆಯಲ್ಲೇ ಗಾಯವಾಯಿತೆಂದು ತೋರಿಸಬೇಕು. ರಿಜಿಸ್ಟರಿನ ಪ್ರಕಾರ ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿರಬೇಕಾದವನು ಬಸವರಾಜು, ಗಾಯವಾದದ್ದು ಮಂಜುವಿಗೆ. ಮುಂದೆ ಹಕ್ಕು ಸಿಕ್ಕಿದರೂ ಅದಕ್ಕೆ ಮೊದಲು ವಿವರಣೆ ಕೊಡುತ್ತಾ ಅಲೆಯಬೇಕು. ಬಸವರಾಜು ಬಾರದೇ ಹೋದರೆ ತಪ್ಪು ಯಾರದು ಎಂಬುದನ್ನೂ ಬರಹವೇ ತೀರ್ಮಾನಿಸುತ್ತದೆ. ಒಪ್ಪಿಗೆಯ ಸಹಿ ಬಿದ್ದಿದ್ದರೆ ಸೆಕೆಂಡ್ ಶಿಫ್ಟ್ ಬಸವರಾಜುವಿನದು, ಗೈರುಹಾಜರಿಯೂ ಅವನದೇ. ಸಹಿ ಇಲ್ಲದಿದ್ದರೆ ನಿಶ್ಚಿತಾರ್ಥದ ಮನೆಯಲ್ಲಿ ತಾಂಬೂಲ ಹಿಡಿದು ಕೂತಿರುವ ಮಂಜು ಗೈರುಹಾಜರಿ.

ಅರ್ಜಿ ಉದ್ದವಿರಬೇಕಿಲ್ಲ, ತಾರೀಖು ಮತ್ತು ಗಂಟೆ ತಪ್ಪಬಾರದು. ‘ಮಧ್ಯರಾತ್ರಿಯ ಪಾಳಿ’, ‘ಗುರುವಾರದ ನೈಟ್’ ಎಂದು ಬರೆದರೆ ಅದು ಗುರುವಾರ ಶುರುವಾಗುವುದೋ ಮುಗಿಯುವುದೋ ಎಂದು ಇಬ್ಬರು ಎರಡು ರೀತಿ ಓದುತ್ತಾರೆ. ಮಂಜುವಿನ ಕಾಗದ ಹೀಗಿರಬಹುದು:

“ಗೆ, ಮೇಲ್ವಿಚಾರಕರು, ಟರ್ನಿಂಗ್ ವಿಭಾಗ. ವಿಷಯ: ಪಾಳಿ ಬದಲಾವಣೆ ಕೋರಿ. ಮಾನ್ಯರೇ, ನವೆಂಬರ್ 27ರ ಶುಕ್ರವಾರ ನನ್ನ ತಂಗಿಯ ನಿಶ್ಚಿತಾರ್ಥ ಇರುವುದರಿಂದ ಆ ಒಂದು ದಿನಕ್ಕೆ ಗಳಿಕೆ ರಜೆಯನ್ನು ಪ್ರತ್ಯೇಕ ಅರ್ಜಿಯಲ್ಲಿ ಕೋರಿದ್ದೇನೆ. ನವೆಂಬರ್ 23ರಿಂದ 28ರವರೆಗೆ ನನಗಿರುವ ಎರಡನೇ ಪಾಳಿ (ಮ. 2ರಿಂದ ರಾ. 10) ಬಸವರಾಜು ಅವರಿಗೂ, ಅವರಿಗಿರುವ ಮೊದಲನೇ ಪಾಳಿ (ಬೆ. 6ರಿಂದ ಮ. 2) ನನಗೂ ಬದಲಾಯಿಸಿಕೊಡಬೇಕೆಂದು ಕೋರುತ್ತೇನೆ. ಇಬ್ಬರೂ ಒಂದೇ ಬಗೆಯ ಯಂತ್ರ ನಡೆಸುವವರಾಗಿದ್ದೇವೆ. ನವೆಂಬರ್ 30ರಿಂದ ಇಬ್ಬರೂ ನಮ್ಮ ನಮ್ಮ ಸರದಿಯ ಪಾಳಿಗೆ ಬರುತ್ತೇವೆ. ರಜೆ ಮಂಜೂರಾಗದಿದ್ದರೆ ಈ ಕೋರಿಕೆಯನ್ನು ಕೈಬಿಟ್ಟಿದ್ದೇನೆಂದು ತಿಳಿಯಬೇಕು.”

ಕೆಳಗೆ ಮಂಜುವಿನ ಸಹಿ, ‘ನನಗೆ ಒಪ್ಪಿಗೆಯಿದೆ’ ಎಂದು ಬರೆದು ಬಸವರಾಜುವಿನ ಸಹಿ, ಮೇಲ್ವಿಚಾರಕರ ಸಹಿಗೆ ಜಾಗ. ರಜೆಗೆ ಒಂದು ಕಾಗದ, ಪಾಳಿಗೆ ಇನ್ನೊಂದು ಇರಬೇಕಾದ ಕಾರಣ ಸರಳ: ಮೊದಲನೆಯದು ರಜೆಯ ಖಾತೆಗೆ ಹೋಗುತ್ತದೆ, ಎರಡನೆಯದು ಮಸ್ಟರಿಗೆ ಮತ್ತು ಬಸ್ಸಿನ ಪಟ್ಟಿಗೆ. ಎರಡನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಒಂದು ಕಡೆ ಮಂಜೂರಾಗಿ ಇನ್ನೊಂದು ಕಡೆ ನೆನಪೇ ಆಗದಿರುವ ಸಾಧ್ಯತೆ ಉಂಟು. ಕೊನೆಯ ವಾಕ್ಯವೂ ಬರಿಯ ಉಪಚಾರವಲ್ಲ. ಅದಿಲ್ಲದಿದ್ದರೆ ರಜೆ ಸಿಗದೆಯೂ ಬಸವರಾಜು ಎರಡು ವಾರ ಸಂಜೆಗಳನ್ನು ಕಳೆದುಕೊಳ್ಳಬೇಕಾದೀತು.

ಮೇಲ್ವಿಚಾರಕರು ಒಪ್ಪದೆಯೂ ಇರಬಹುದು. ಅದೇ ವಾರ ಫಸ್ಟ್ ಶಿಫ್ಟ್‌ನಲ್ಲಿ ಇನ್ನಿಬ್ಬರು ರಜೆಯಲ್ಲಿರಬಹುದು, ತಿಂಗಳ ಕೊನೆಯ ರವಾನೆಯ ಒತ್ತಡವಿರಬಹುದು. ಪಾಳಿ ಬದಲು ಹಕ್ಕಲ್ಲ, ಅನುಕೂಲಕ್ಕಾಗಿ ಇರುವ ಏರ್ಪಾಡು. ನಿರಾಕರಿಸಿದರೆ ಅಲ್ಲಿಗೆ ಮುಗಿಯಿತು. ಗಳಿಕೆ ರಜೆಯ ಸ್ಥಿತಿ ಹಾಗಲ್ಲ. ಸಾಮಾನ್ಯವಾಗಿ 30 ದಿನಕ್ಕಿಂತ ಹೆಚ್ಚು ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲಾಗದು, ಆದರೆ ನಿಯಮದಂತೆ ಕೇಳಿಯೂ ನಿರಾಕರಿಸಿದ ರಜೆ ಈ ಮಿತಿಗೆ ಒಳಪಡುವುದಿಲ್ಲ. ಹೀಗಾಗಿ ‘ಆಗಲ್ಲ’ ಎಂಬುದನ್ನು ಅರ್ಜಿಯ ಮೇಲೆಯೇ ಬರೆಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳುವವರು ರಜೆಯನ್ನು ಉಳಿಸಿಕೊಳ್ಳುತ್ತಾರೆ. ಬಾಯಿಮಾತಲ್ಲಿ ಕೇಳಿ ಬಾಯಿಮಾತಲ್ಲಿ ಬೇಡವೆನ್ನಿಸಿಕೊಂಡವರ ಬಳಿ ತೋರಿಸಲು ಏನೂ ಇರುವುದಿಲ್ಲ.

ಒಪ್ಪಿಗೆ ಸಿಕ್ಕಿದ ಮೇಲೆ ನೋಡಬೇಕಾದದ್ದು ಮೂರು ಜಾಗ. ಸೋಮವಾರಕ್ಕೆ ಮೊದಲು ಬೋರ್ಡಿನ ಪಾಳಿ ಪಟ್ಟಿಯಲ್ಲಿ ಎರಡೂ ಹೆಸರು ಬದಲಾಗಿವೆಯೇ, ಟೈಮ್ ಆಫೀಸಿನ ಕಂಪ್ಯೂಟರಿನಲ್ಲಿ ವಾರದ ಪಾಳಿ ತಿದ್ದಿದ್ದಾರೆಯೇ, ಬೆಳಗಿನ ಬಸ್ಸಿನ ಪಟ್ಟಿಯಲ್ಲಿ ಮಂಜು ಇದ್ದಾನೆಯೇ. ವಾರ ಮುಗಿದ ಮೇಲೆ ಇನ್ನೊಮ್ಮೆ ಕಂಪ್ಯೂಟರ್ ನೋಡಬೇಕು. ಬದಲನ್ನು ಹಾಕಿದವರು ಹಿಂದಕ್ಕೆ ತಿರುಗಿಸಲು ಮರೆತರೆ, 30ರ ಸೋಮವಾರ ರಾತ್ರಿ ನೈಟ್‌ಗೆ ಬಂದ ಮಂಜುವಿನ ಹೆಸರು ಮಧ್ಯಾಹ್ನ 2ರ ಪಾಳಿಯ ಗೈರುಹಾಜರಿಯಲ್ಲಿ ಇರುತ್ತದೆ.